240ರಲ್ಲಿ ಶೇಕಡಾ 17 ಎಷ್ಟು? ಕಾಫಿ ಹುರಿಯುವವರ ಬಾಯಿಲೆಕ್ಕ

ಕಾಫಿ ಬೀಜ ಹುರಿದರೆ ತೂಕ ಇಳಿಯುತ್ತದೆ. ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ಅಂಗಡಿ ಇಟ್ಟುಕೊಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕ್ಯೂರಿಂಗ್, ಅಂದರೆ ಸಿಪ್ಪೆ ಬಿಡಿಸಿ ಹಸನು ಮಾಡುವ ಕೆಲಸ, ಆಗಿ ಬಂದ ಹಸಿ ಬೀಜದಲ್ಲಿ ನೂರಕ್ಕೆ ಹತ್ತು ಹನ್ನೊಂದರಷ್ಟು ತೇವ ಇರುತ್ತದೆ. ಹುರಿಯುವಾಗ ಮೊದಲು ಹೋಗುವುದು ಅದು. ಆಮೇಲೆ ಬೀಜದೊಳಗಿನ ಸಕ್ಕರೆ, ಆಮ್ಲಗಳು ಒಡೆದು ಸ್ವಲ್ಪ ಭಾಗ ಅನಿಲವಾಗಿ ಹೊರಟುಹೋಗುತ್ತದೆ. ಬೀಜಕ್ಕೆ ಅಂಟಿದ ತೆಳ್ಳಗಿನ ಪೊರೆಯೂ ಉದುರುತ್ತದೆ. ಹೀಗಾಗಿ ತಿಳಿಯಾಗಿ ಹುರಿದರೆ ಇಳಿತ ಕಡಿಮೆ, ಕಪ್ಪಗೆ ಹುರಿದರೆ ಜಾಸ್ತಿ. ಸಾಮಾನ್ಯವಾಗಿ ನೂರಕ್ಕೆ 14ರಿಂದ 20ರ ನಡುವೆ ಎಲ್ಲೋ ಬಂದು ನಿಲ್ಲುತ್ತದೆ. ನಮ್ಮ ಫಿಲ್ಟರ್ ಕಾಫಿಗೆ ಹುರಿಯುವ ಹದಕ್ಕೆ 17 ಅಂತ ಹಿಡಿದರೆ ತಪ್ಪೇನಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ವಾರಕ್ಕೆ 240 ಕೆಜಿ ಬೀಜ ಹುರಿಯಬೇಕು. ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ? ಮೊಬೈಲ್ ತೆಗೆದು ಒತ್ತಿದರೆ ಉತ್ತರ ಬರುತ್ತದೆ, ನಿಜ. ಆದರೆ ಎರಡೂ ಕೈಗೆ ಕಾಫಿ ಪುಡಿ ಮೆತ್ತಿಕೊಂಡಿದ್ದಾಗ, ಗಿರಾಕಿ ಎದುರು ನಿಂತಿದ್ದಾಗ ಅಂಗಡಿಯವರು ಬಾಯಲ್ಲೇ ಹೇಳಿಬಿಡುತ್ತಾರೆ. ಅವರು ಗುಣಾಕಾರ ಮಾಡುವುದೇ ಇಲ್ಲ. 17ನ್ನು ಒಡೆಯುತ್ತಾರೆ, ಅಷ್ಟೇ.

ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಮತ್ತು ಅಂಗಡಿಯ ಯಜಮಾನರ ನಡುವೆ ಈ ಮಾತು ಸುಮಾರು ಹೀಗೆ ನಡೆಯುತ್ತದೆ.

"ಅಣ್ಣಾ, 240 ಹಾಕಿದ್ರೆ ಪುಡಿ ಎಷ್ಟು ಬರುತ್ತೆ?"

"ನೂರಕ್ಕೆ ಹದಿನೇಳು ಹೋಗುತ್ತೆ ಕಣೋ. ಇಪ್ಪತ್ನಾಲ್ಕು, ಹನ್ನೆರಡು, ಆಮೇಲೊಂದು ಐದು. ನಲವತ್ತೊಂದು ತೆಗಿ. ಇನ್ನೂರಕ್ಕೆ ಒಂದು ಕಡಿಮೆ ಅಂತ ಬರ್ಕೋ."

ಈ ಮೂರು ಸಂಖ್ಯೆ ಎಲ್ಲಿಂದ ಬಂದವು ನೋಡಿ. ನೂರಕ್ಕೆ ಹತ್ತು ಅಂದರೆ ಹತ್ತನೇ ಒಂದು ಭಾಗ. 240ರಲ್ಲಿ ಅದು 24. ಇದಕ್ಕೆ ಲೆಕ್ಕವೇ ಬೇಡ, ಕೊನೆಯ ಸೊನ್ನೆ ತೆಗೆದರೆ ಸಾಕು. ನೂರಕ್ಕೆ ಐದು ಅದರ ಅರ್ಧ, 12. ಅಲ್ಲಿಗೆ 15 ಆಯಿತು. ಉಳಿದದ್ದು ಇನ್ನೆರಡು. ನೂರಕ್ಕೆ ಒಂದು ಅಂದರೆ 2.4, ಎರಡು ಅಂದರೆ 4.8. ಯಜಮಾನರು ಅದನ್ನು ಐದು ಅಂದರು. ಮೂರನ್ನೂ ಕೂಡಿಸಿ:

```
10%  →  24
 5%  →  12
 2%  →   4.8
17%  →  40.8
```

ಸರಿಯಾದ ಉತ್ತರ 40.8. ಯಜಮಾನರು ಹೇಳಿದ್ದು 41. ವ್ಯತ್ಯಾಸ 200 ಗ್ರಾಂ.

ಇಲ್ಲಿ ಕೂಡಿಸುವ ಕ್ರಮವೂ ಮುಖ್ಯ. ದೊಡ್ಡ ತುಂಡು ಮೊದಲು, ಚಿಕ್ಕದು ಕೊನೆಗೆ. ಶಾಲೆಯಲ್ಲಿ ಕಲಿತ ಗುಣಾಕಾರದಲ್ಲಿ ಬಿಡಿ ಸ್ಥಾನದಿಂದ ಶುರು ಮಾಡಿ ಎಡಕ್ಕೆ ಹೋಗುತ್ತೇವೆ. ಅಲ್ಲಿ ಕೊನೆಯ ಹೆಜ್ಜೆ ಮುಗಿಯುವ ತನಕ ಉತ್ತರ ಎಷ್ಟು ದೊಡ್ಡದು ಅಂತಲೇ ಗೊತ್ತಾಗುವುದಿಲ್ಲ. ಈ ದಾರಿಯಲ್ಲಿ ಮೊದಲ ಹೆಜ್ಜೆಗೇ 24 ಕೈಗೆ ಬರುತ್ತದೆ, ಎರಡನೆಯದಕ್ಕೆ 36. ಅರ್ಧದಲ್ಲಿ ಯಾರೋ ಕರೆದು ಲೆಕ್ಕ ನಿಂತರೂ "36ಕ್ಕಿಂತ ಸ್ವಲ್ಪ ಜಾಸ್ತಿ" ಅನ್ನುವಷ್ಟು ಉಳಿದಿರುತ್ತದೆ.

ಒಡೆಯುವುದಕ್ಕೆ ಇದೊಂದೇ ದಾರಿ ಅಂತಲ್ಲ. 17 ಅಂದರೆ 20ಕ್ಕೆ ಮೂರು ಕಡಿಮೆ. ನೂರಕ್ಕೆ ಇಪ್ಪತ್ತು ಅಂದರೆ 48, ನೂರಕ್ಕೆ ಮೂರು ಅಂದರೆ 7.2, ಕಳೆದರೆ ಮತ್ತೆ 40.8. ಕೆಲವರಿಗೆ ಇದು ಸುಲಭ ಅನ್ನಿಸುತ್ತದೆ, ಹೆಜ್ಜೆ ಎರಡೇ ತಾನೇ ಅಂತ. ನನಗೆ 17ರ ವಿಷಯದಲ್ಲಿ ಕೂಡುವುದೇ ಹಿತ. ಬಾಯಿಲೆಕ್ಕದಲ್ಲಿ ಕಳೆಯುವಾಗ ದಶಮಾಂಶ ಸಿಕ್ಕಿಕೊಂಡರೆ ಎಡವುವುದು ಜಾಸ್ತಿ. 48ರಿಂದ 7.2 ಕಳೆಯಲು ಹೋಗಿ 41.2 ಅನ್ನುವವರನ್ನು ಬೇಕಾದಷ್ಟು ನೋಡಬಹುದು.

ಆದರೆ ಸಂಖ್ಯೆ 19, 29, 48, 49 ಹೀಗೆ ಹತ್ತರ ಗುಂಪಿನ ತುದಿಯಲ್ಲಿ ನಿಂತಿದ್ದರೆ ಕಳೆಯುವುದೇ ಸರಿ. ಚಿಕೋರಿ ಬೆರೆಸಿದ ಕಾಫಿ ಪುಡಿಯನ್ನೇ ತೆಗೆದುಕೊಳ್ಳಿ. ನಮ್ಮ ದೇಶದ ನಿಯಮದ ಪ್ರಕಾರ ಅಂಥ ಪುಡಿಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರುವಂತಿಲ್ಲ. ಅಂದರೆ ಚಿಕೋರಿ 49ರ ತನಕ ಹೋಗಬಹುದು. ಪ್ಯಾಕೆಟ್ ಮೇಲೆ ಚಿಕೋರಿ 47 ಅಂತ ಬರೆದಿದೆ, ಪ್ಯಾಕೆಟ್ 250 ಗ್ರಾಂನದ್ದು ಅಂತಿಟ್ಟುಕೊಳ್ಳಿ. ನಲವತ್ತು, ಐದು, ಎರಡು ಅಂತ ಕೂಡುತ್ತಾ ಕೂತರೆ ಅದು ಸುಮ್ನೆ ಸುತ್ತು ದಾರಿ. ಅರ್ಧ ಅಂದರೆ 125. ನೂರಕ್ಕೆ ಒಂದು 2.5, ಮೂರು 7.5. ಕಳೆದರೆ 117.5 ಗ್ರಾಂ. ನೀವು ಕಾಫಿ ಅಂತ ಮನೆಗೆ ತಂದ ಪ್ಯಾಕೆಟ್‌ನಲ್ಲಿ ಅಷ್ಟು ಚಿಕೋರಿ ಬೇರು.

ಯಾವಾಗ ಕೂಡಬೇಕು, ಯಾವಾಗ ಕಳೆಯಬೇಕು ಅನ್ನುವುದಕ್ಕೆ ದೊಡ್ಡ ಸೂತ್ರ ಬೇಕಿಲ್ಲ. ಹತ್ತು, ಇಪ್ಪತ್ತೈದು, ಐವತ್ತು, ಎಪ್ಪತ್ತೈದು ಇವು ಕಣ್ಣು ಮುಚ್ಚಿಕೊಂಡು ಮಾಡುವ ಭಾಗಗಳು. ನಿಮ್ಮ ಸಂಖ್ಯೆಗೆ ಹತ್ತಿರದ ಒಂದನ್ನು ಹಿಡಿಯಿರಿ. ಎಷ್ಟು ಉಳಿಯಿತೋ ಅದನ್ನು ನೂರಕ್ಕೆ ಒಂದರ ಲೆಕ್ಕದಲ್ಲಿ ಸೇರಿಸಿ ಅಥವಾ ತೆಗೆಯಿರಿ. ಉಳಿಯುವ ತುಂಡು ಚಿಕ್ಕದಾದಷ್ಟೂ ಒಳ್ಳೆಯದು. ಆ ಚಿಕ್ಕ ತುಂಡಿನಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆದರೂ ಒಟ್ಟು ಉತ್ತರಕ್ಕೆ ಏಟು ಬೀಳುವುದಿಲ್ಲ.

ಇನ್ನೊಂದು ಉದಾಹರಣೆ, ಈ ಸಲ ತೋಟದಿಂದ. ರೊಬಸ್ಟಾ ಹಣ್ಣು ಕೊಯ್ದು, ಒಣಗಿಸಿ, ಸಿಪ್ಪೆ ಬಿಡಿಸಿದ ಮೇಲೆ ಸಿಗುವ ಬೀಜ ಹಣ್ಣಿನ ತೂಕದ ಐದನೇ ಒಂದು ಭಾಗದ ಆಸುಪಾಸು. ನೂರಕ್ಕೆ 22 ಅಂತ ಹಿಡಿಯೋಣ. ಮೂಡಿಗೆರೆ ಕಡೆಯ ಒಂದು ಸಣ್ಣ ತೋಟದಲ್ಲಿ ಸಂಜೆ ತೂಕ ಹಾಕಿದಾಗ 365 ಕೆಜಿ ಹಣ್ಣು ಬಂತು. ನೂರಕ್ಕೆ ಹತ್ತು 36.5. ಇಪ್ಪತ್ತು ಅದರ ಎರಡರಷ್ಟು, 73. ಇನ್ನು ನೂರಕ್ಕೆ ಎರಡು ಬೇಕು. ಅದು ಇಪ್ಪತ್ತರ ಹತ್ತನೇ ಒಂದು ಭಾಗ ಅಲ್ವಾ? ಹಾಗಾದರೆ 7.3. ಒಟ್ಟು 80.3 ಕೆಜಿ. ಮೊದಲೇ ಮಾಡಿಟ್ಟ ತುಂಡಿನಿಂದಲೇ ಮುಂದಿನ ತುಂಡನ್ನು ತೆಗೆದರೆ ಹೊಸದಾಗಿ ಏನನ್ನೂ ಲೆಕ್ಕ ಹಾಕಬೇಕಿಲ್ಲ. 10, 5 ಮಾಡಿದ್ದೂ ಹೀಗೇ. ಐದನ್ನು ಹತ್ತರಿಂದ ತೆಗೆದೆವು, 240ರಿಂದ ಅಲ್ಲ.

ಇಲ್ಲಿಯವರೆಗೆ ಶೇಕಡಾವನ್ನು ಮಾತ್ರ ಒಡೆದೆವು. ತೂಕವನ್ನೂ ಒಡೆಯಬಹುದು. 240 ಅಂದರೆ 200 ಮತ್ತು 40. ನೂರಕ್ಕೆ 17 ಅಂದ ಮೇಲೆ ಇನ್ನೂರಕ್ಕೆ 34. ನಲವತ್ತಕ್ಕೆ 6.8. ಕೂಡಿದರೆ 40.8. 'ನೂರಕ್ಕೆ' ಅನ್ನುವ ಮಾತನ್ನು ಇದ್ದಹಾಗೇ ಹಿಡಿದುಕೊಂಡರೆ ಈ ದಾರಿ ತಾನಾಗಿ ಕಾಣುತ್ತದೆ. ತೂಕದಲ್ಲಿ ಎಷ್ಟು ನೂರುಗಳಿವೆಯೋ ಅಷ್ಟು ಹದಿನೇಳುಗಳು, ಮಿಕ್ಕಿದ್ದಕ್ಕೆ ಅದರ ಪಾಲು. 300, 520, 1,050 ಇಂಥ ತೂಕಗಳಿಗೆ ನಾನಾದರೆ ಇದನ್ನೇ ಆರಿಸುತ್ತೇನೆ. 365ರಂಥದ್ದಕ್ಕೆ ಶೇಕಡಾವನ್ನು ಒಡೆಯುವುದೇ ವಾಸಿ.

ಇನ್ನೂ ಒಂದು ದಾರಿ ಭಿನ್ನರಾಶಿಯದ್ದು. ನೂರನ್ನು ಆರರಿಂದ ಭಾಗಿಸಿದರೆ 16.67. ಅಂದರೆ 17 ಅನ್ನುವುದು ಆರನೇ ಒಂದು ಭಾಗಕ್ಕೆ ತೀರಾ ಹತ್ತಿರ. 240ರ ಆರನೇ ಒಂದು ಭಾಗ 40. ಒಂದೇ ಹೆಜ್ಜೆಯಲ್ಲಿ ಮುಗಿಯಿತು. ಬಿಟ್ಟದ್ದು ನೂರಕ್ಕೆ ಒಂದರ ಮೂರನೇ ಒಂದು ಭಾಗ. 2.4ರ ಮೂರನೇ ಒಂದು ಭಾಗ 0.8. ಸೇರಿಸಿದರೆ ಸರಿಯಾಗಿ 40.8. ಆರರಿಂದ ಚೆನ್ನಾಗಿ ಭಾಗವಾಗುವ ತೂಕ ಬಂದರೆ ಇದಕ್ಕಿಂತ ಬೇಗ ಮುಗಿಯುವ ದಾರಿ ಇಲ್ಲ. ಬೇರೆ ದಾರಿಯಲ್ಲಿ ಬಂದ ಉತ್ತರವನ್ನು ತಾಳೆ ನೋಡಲೂ ಇದು ಆಗುತ್ತದೆ.

ಹಳಬರು ಇದೇ ಕೆಲಸವನ್ನು ಆಣೆಯಲ್ಲಿ ಮಾಡುತ್ತಿದ್ದರು. 1957ರ ಏಪ್ರಿಲ್ 1ರಿಂದ ನಯಾ ಪೈಸೆ ಬರುವ ತನಕ ರೂಪಾಯಿಗೆ ಹದಿನಾರಾಣೆ. ಫಸಲು ಅರ್ಧಕ್ಕೆ ನಿಂತರೆ ಎಂಟಾಣೆ ಬೆಳೆ ಅನ್ನುವುದು ಅಲ್ಲಿಂದ ಬಂದದ್ದು. 240ರಲ್ಲಿ ಒಂದಾಣೆ ಪಾಲು ಅಂದರೆ 15. ನೂರಕ್ಕೆ 17 ಅಂದರೆ ಆಣೆಯಲ್ಲಿ ಎರಡೂ ಮುಕ್ಕಾಲಿನಷ್ಟು. ಎರಡಾಣೆಗೆ 30, ಮುಕ್ಕಾಲಾಣೆಗೆ 11 ಕಾಲು, ಒಟ್ಟು 41 ಕಾಲು. ಅರ್ಧ ಕೆಜಿಯೂ ತಪ್ಪಲಿಲ್ಲ.

ಈಗ ನಿಜವಾಗಿ ತಿಳಿದಿರಬೇಕಾದ ವಿಷಯ. ಅಂದಾಜು ಮಾಡುವಾಗ ಯಾವ ಸಂಖ್ಯೆಯನ್ನು ದುಂಡಗೆ ಮಾಡಬಹುದು, ಯಾವುದನ್ನು ಮುಟ್ಟಬಾರದು?

ತಕ್ಕಡಿ 237 ಅಂತ ತೋರಿಸಿತು ಅನ್ನಿ. ಅದನ್ನು 240 ಮಾಡಿಕೊಂಡರೆ ಏನಾಗುತ್ತದೆ? ಮೂರು ಕೆಜಿ ಜಾಸ್ತಿ ಹಿಡಿದೆವು. ಆದರೆ ಉತ್ತರಕ್ಕೆ ಸೇರುವುದು ಮೂರು ಕೆಜಿಯಲ್ಲ, ಮೂರರ ನೂರಕ್ಕೆ 17 ಮಾತ್ರ. ಅರ್ಧ ಕೆಜಿ. 237ರ ನಿಜವಾದ ಇಳಿತ 40.3, ನಾವು ಹೇಳಿದ್ದು 40.8. ಇದರಿಂದ ಯಾರಿಗೂ ತೊಂದರೆ ಇಲ್ಲ.

ಅದೇ 17ನ್ನು "ಹೋಗಲಿ, ಇಪ್ಪತ್ತು ಅನ್ನೋಣ" ಅಂದುಬಿಟ್ಟರೆ? ಇಲ್ಲಿಯೂ ಏರಿಸಿದ್ದು ಮೂರೇ. ಆದರೆ ಉತ್ತರ 48 ಆಗುತ್ತದೆ. ಏಳು ಕೆಜಿಗೂ ಮೀರಿ ತಪ್ಪಿತು. ಕಾರಣ ಸರಳ. 237ರ ಪಕ್ಕದಲ್ಲಿ ಮೂರು ಅನ್ನುವುದು ಏನೂ ಅಲ್ಲ, ನೂರಕ್ಕೆ ಒಂದು ಚಿಲ್ಲರೆ. 17ರ ಪಕ್ಕದಲ್ಲಿ ಮೂರು ಅಂದರೆ ಆರನೇ ಒಂದು ಭಾಗಕ್ಕಿಂತ ಜಾಸ್ತಿ. ಎರಡರಲ್ಲಿ ಯಾವುದನ್ನು ಎಷ್ಟು ಪಾಲು ಏರಿಸಿದಿರೋ ಉತ್ತರವೂ ಅಷ್ಟೇ ಪಾಲು ಏರುತ್ತದೆ. ಆದ್ದರಿಂದ ತೂಕವನ್ನು ಧೈರ್ಯವಾಗಿ ದುಂಡಗೆ ಮಾಡಿ, ಶೇಕಡಾವನ್ನು ಇದ್ದಹಾಗೇ ಇಟ್ಟುಕೊಂಡು ಒಡೆಯಿರಿ.

ಎರಡನ್ನೂ ಬದಲಿಸಲೇಬೇಕು ಅನ್ನಿಸಿದರೆ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿ. 240ನ್ನು 250 ಮಾಡಿ, 17ನ್ನು 16 ಮಾಡಿ. 250 ಅಂದರೆ ಸಾವಿರದ ಕಾಲು, ಹಾಗಾಗಿ ಸಾವಿರಕ್ಕೆ ಬರುವ 160ರ ಕಾಲು ಭಾಗ ನಮ್ಮ ಉತ್ತರ, 40. ಒಂದು ಮೇಲೆ ಹೋಗಿ ಒಂದು ಕೆಳಗೆ ಬಂದದ್ದರಿಂದ ತಪ್ಪು ಬಹುಪಾಲು ಹೊಡೆದುಹೋಯಿತು. ಎರಡನ್ನೂ ಮೇಲಕ್ಕೇ ಒಯ್ದು 250ರ ನೂರಕ್ಕೆ 20 ಮಾಡಿದ್ದರೆ 50 ಬರುತ್ತಿತ್ತು. ಅದು ಅಂದಾಜು ಅನ್ನಿಸಿಕೊಳ್ಳುವುದಿಲ್ಲ.

ದಶಮಾಂಶ ಜಾರುವುದು ಇನ್ನೊಂದು ಮಾಮೂಲಿ ತಪ್ಪು. 240ರ ನೂರಕ್ಕೆ ಹತ್ತನ್ನು 2.4 ಅಂದುಬಿಟ್ಟರೆ ಮುಂದಿನ ತುಂಡುಗಳೂ ಅದರ ಹಿಂದೆಯೇ ಹಾಳಾಗುತ್ತವೆ, ಕೊನೆಗೆ 4.08 ಬರುತ್ತದೆ. ಇದನ್ನು ಹಿಡಿಯಲು ಉತ್ತರದ ಎರಡು ಕಡೆಗೂ ಬೇಲಿ ಹಾಕಿಕೊಂಡರೆ ಸಾಕು. 17 ಇರುವುದು 10 ಮತ್ತು 20ರ ನಡುವೆ. ಹಾಗಾಗಿ ಉತ್ತರ 24 ಮತ್ತು 48ರ ನಡುವೆ ಇರಲೇಬೇಕು, ಅದೂ 48ರ ಕಡೆಗೆ ವಾಲಿರಬೇಕು. 4 ಬಂದರೂ ತಪ್ಪು, 52 ಬಂದರೂ ತಪ್ಪು, 27 ಬಂದರೂ ಅನುಮಾನ.

ಹಾಗಾದರೆ 40.8 ಅಂತ ಬರೆಯಬೇಕಾ, 41 ಸಾಕಾ? ಹುರಿಯುವ ಕೆಲಸದಲ್ಲಿ 41 ಸಾಕು. ಯಾಕೆಂದರೆ 17 ಅನ್ನುವುದೇ ಅಂದಾಜು. ಬೀಜದ ತೇವ ಸ್ವಲ್ಪ ಹೆಚ್ಚಿದ್ದರೆ, ಡ್ರಮ್ಮಿನಿಂದ ಇಳಿಸುವುದು ಅರ್ಧ ನಿಮಿಷ ತಡವಾದರೆ ಅದು 18 ಆಗಬಹುದು. ಇಲ್ಲಿ ನೂರಕ್ಕೆ ಒಂದು ಅಂದರೆ 2.4 ಕೆಜಿ. ಇಳಿತವೇ ಎರಡು ಕೆಜಿ ಅತ್ತಿತ್ತ ಆಡುತ್ತಿರುವಾಗ 200 ಗ್ರಾಂಗೆ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಯಜಮಾನರು 4.8ನ್ನು ಐದು ಮಾಡಿದ್ದು ಅದಕ್ಕೇ. ಅದೇ ಬಿಲ್ಲಿನಲ್ಲಿ ಜಿಎಸ್‌ಟಿ ಲೆಕ್ಕ ಹಾಕುವಾಗ ಹೀಗೆ ಮಾಡುವಂತಿಲ್ಲ. ಅಲ್ಲಿ ಶೇಕಡಾ ಕಾನೂನಿನಲ್ಲಿ ನಿಂತ ಸಂಖ್ಯೆ, ಅಂದಾಜು ನಡೆಯುವುದಿಲ್ಲ. ಬಾಯಿಲೆಕ್ಕ ಅಲ್ಲಿ ತಾಳೆ ನೋಡುವುದಕ್ಕೆ ಮಾತ್ರ.

ಇನ್ನು ಉಳಿದದ್ದು, ಲೆಕ್ಕ ಬಲ್ಲವರೂ ಜಾರುವ ಒಂದು ಜಾಗ.

ಮದುವೆ ಸೀಸನ್‌ನಲ್ಲಿ ಒಬ್ಬ ಗಿರಾಕಿ ಬಂದು 240 ಕೆಜಿ ಹುರಿದ ಕಾಫಿಯೇ ಬೇಕು ಅಂದರು ಅನ್ನಿ. ಇಳಿತ 17. ಎಷ್ಟು ಹಸಿ ಬೀಜ ಹಾಕಬೇಕು? ಥಟ್ಟನೆ ಹೊಳೆಯುವ ಉತ್ತರ: 240ಕ್ಕೆ 41 ಸೇರಿಸು, 281 ಹಾಕು. ಹಾಕಿ ನೋಡಿ. 281ರಲ್ಲಿ ನೂರಕ್ಕೆ ಹತ್ತು 28, ಐದು 14, ಎರಡು 5.6. ಒಟ್ಟು ಸುಮಾರು 47.6 ಹೋಯಿತು. ಉಳಿದದ್ದು 233.4. ಆರೂವರೆ ಕೆಜಿ ಕಡಿಮೆ ಬಿತ್ತು.

ತಪ್ಪಿದ್ದು ಎಲ್ಲಿ? 17 ಅನ್ನುವುದು ಹಾಕಿದ ಬೀಜದ ಮೇಲಿನ ಶೇಕಡಾ. ನಾವು ಅದನ್ನು ಬರುವ ಕಾಫಿಯ ಮೇಲೆ ಹಾಕಿದೆವು. ನಷ್ಟ ತುಂಬಲು ಸೇರಿಸಿದ 41 ಕೆಜಿಯನ್ನೂ ಹುರಿಯಬೇಕು ತಾನೇ, ಅದರಲ್ಲೂ ನೂರಕ್ಕೆ 17 ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕಾಗದ ಪೆನ್ನು ಇದ್ದರೆ 240ನ್ನು 0.83ರಿಂದ ಭಾಗಿಸಬಹುದು. ಬಾಯಲ್ಲಿ ಅದು ಕಷ್ಟ. ಆದರೆ ಒಡೆಯುವ ದಾರಿಯೇ ಇಲ್ಲಿಗೂ ಬರುತ್ತದೆ, ಆರನೇ ಒಂದು ಭಾಗದ ಸಹಾಯ ತೆಗೆದುಕೊಂಡರೆ ಇನ್ನೂ ಸಲೀಸು. 240ಕ್ಕೆ 41 ಸೇರಿಸಿ. ಆ 41ರಲ್ಲಿ ಆರನೇ ಒಂದು ಭಾಗದಷ್ಟು ಹೋಗುತ್ತದೆ, ಸುಮಾರು 7, ಅದನ್ನೂ ಸೇರಿಸಿ. 7ರಲ್ಲಿ ಹೋಗುವುದು 1 ಕೆಜಿ ಚಿಲ್ಲರೆ, ಅದನ್ನೂ ಸೇರಿಸಿ. ಮುಂದಿನದು ಕಾಲು ಕೆಜಿಯೂ ಇಲ್ಲ, ಬಿಟ್ಟುಬಿಡಿ.

```
240 + 41 + 7 + 1 = 289
```

0.83ರಿಂದ ಭಾಗಿಸಿದರೆ ಬರುವುದು 289.16. ಬಾಯಿಲೆಕ್ಕ ಅದರ ಪಕ್ಕದಲ್ಲೇ ಬಂದು ನಿಂತಿದೆ.

ತುಂಡುಗಳು ಇಷ್ಟು ಬೇಗ ಕರಗಿದ್ದಕ್ಕೆ ಕಾರಣ ಪ್ರತಿ ಹೆಜ್ಜೆಯಲ್ಲೂ ಆರನೇ ಒಂದು ಭಾಗ ಮಾತ್ರ ಮುಂದಕ್ಕೆ ಹೋಗುವುದು. ಶೇಕಡಾ ಚಿಕ್ಕದಿದ್ದರೆ ಇನ್ನೂ ಬೇಗ ಮುಗಿಯುತ್ತದೆ. ನೂರಕ್ಕೆ ಐದರ ಇಳಿತವಾದರೆ ಎರಡನೇ ತುಂಡಿಗೇ ನಿಲ್ಲಿಸಬಹುದು. ಶೇಕಡಾ ದೊಡ್ಡದಾದರೆ ಮಾತ್ರ ಈ ದಾರಿ ಹಿಡಿಯಬೇಡಿ. ರೊಬಸ್ಟಾ ಚೆರ್ರಿಯಿಂದ, ಅಂದರೆ ಒಣಗಿಸಿದ ಹಣ್ಣಿನಿಂದ, ಬೀಜ ಬಿಡಿಸುವಾಗ ಸಿಪ್ಪೆಯಾಗಿ ಹೋಗುವುದೇ ಅರ್ಧದ ಹತ್ತಿರ. ಅಲ್ಲಿ 240, 120, 60, 30 ಅಂತ ತುಂಡು ಸೇರಿಸುತ್ತಲೇ ಇರಬೇಕಾಗುತ್ತದೆ. ಅದರ ಬದಲು ಉಳಿಯುವುದು ಅರ್ಧ ಅಂತ ಹಿಡಿದು ನೇರವಾಗಿ ಎರಡರಷ್ಟು ಮಾಡಿ. 240 ಕೆಜಿ ಬೀಜಕ್ಕೆ 480 ಕೆಜಿ ಚೆರ್ರಿ, ಐವತ್ತು ಕೆಜಿ ಚೀಲದ ಲೆಕ್ಕದಲ್ಲಿ ಹತ್ತು ಚೀಲಕ್ಕೆ ಇಪ್ಪತ್ತು ಕೆಜಿ ಕಡಿಮೆ.